ನಾಳೆಯ ಊಟಕ್ಕೆ ಇವತ್ತು ರಾತ್ರಿ 8ರೊಳಗೇ ಯಾಕೆ ಹೇಳಬೇಕು?

"ಮಧ್ಯಾಹ್ನದ ಊಟ ತಾನೇ? ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಹೇಳಿದರೆ ಆಗಲ್ವಾ? ಹಿಂದಿನ ರಾತ್ರಿ 8 ಗಂಟೆಗೇ ಯಾಕೆ ಆರ್ಡರ್ ನಿಲ್ಲಿಸುತ್ತೀರಿ?"

ಮನೆ ಊಟದ ವಾರದ ಚಂದಾ ಶುರು ಮಾಡುತ್ತೇವೆ ಅಂತ ತಿಳಿಸಿದಾಗಿನಿಂದ ಜಾಸ್ತಿ ಬಂದಿರುವ ಪ್ರಶ್ನೆ ಇದೇ. ಉತ್ತರ ಮೆನುವಿನಲ್ಲೇ ಇದೆ. ಅದಕ್ಕೇ ಮೊದಲು ಮೆನು ನೋಡಿಬಿಡಿ.

ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಒಂದು ಊಟ. ಜಯನಗರ, ಬನಶಂಕರಿ, ಜೆ.ಪಿ. ನಗರ, ಇಷ್ಟೇ ಸುತ್ತು. ಮೊದಲ ವಾರ ಸೋಮವಾರ ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ತಿಳಿಸಾರು. ಮಂಗಳವಾರ ಮೂಲಂಗಿ ಹುಳಿ, ಹುರುಳಿಕಾಯಿ ಪಲ್ಯ, ಅನ್ನ, ಮಜ್ಜಿಗೆ. ಬುಧವಾರ ಬಸ್ಸಾರು, ಅದರದ್ದೇ ಪಲ್ಯ, ಅನ್ನ, ಹಪ್ಪಳ. ಗುರುವಾರ ಮೊಳಕೆ ಹೆಸರುಕಾಳಿನ ಸಾರು, ಚಪಾತಿ, ಅನ್ನ. ಶುಕ್ರವಾರ ಬಿಸಿಬೇಳೆಬಾತ್ ಮತ್ತು ಮೊಸರನ್ನ. ಮುಂದಿನ ವಾರ ಇದು ಪೂರ್ತಿ ಬದಲಾಗುತ್ತದೆ, ನಾಲ್ಕು ವಾರ ಕಳೆದ ಮೇಲೆ ಮತ್ತೆ ಇದೇ ಸರದಿ ಬರುತ್ತದೆ. ಡಿಸೆಂಬರ್ ಬಂದರೆ ಒಂದು ದಿನ ಹಿತಕಿದ ಅವರೆಕಾಳಿಗೆ ಬಿಟ್ಟುಕೊಡುತ್ತೇವೆ, ಸೊಗಡಿನ ಅವರೆ ಸಿಗುವ ಕಾಲದಲ್ಲಿ ಬೇರೇನು ಮಾಡೋಕೂ ಮನಸ್ಸು ಬರಲ್ಲ. ಐದು ಊಟಕ್ಕೆ 650 ರೂಪಾಯಿ.

ಈಗ ಬುಧವಾರದ ಬಸ್ಸಾರನ್ನೇ ತೆಗೆದುಕೊಳ್ಳೋಣ. ಮಂಗಳವಾರ ರಾತ್ರಿ 8ಕ್ಕೆ ಲೆಕ್ಕ ಹಾಕಿದಾಗ 40 ಊಟ ಅಂತ ಬಂತು ಅನ್ನಿ. ಒಬ್ಬರಿಗೆ 35 ಗ್ರಾಂನಂತೆ 1 ಕಿಲೋ 400 ಗ್ರಾಂ ಅಲಸಂದೆ ಕಾಳು ತೊಳೆದು ನೆನೆಹಾಕುತ್ತೇವೆ. ರಾತ್ರಿಯೆಲ್ಲ ನೆನೆದು ಬೆಳಿಗ್ಗೆ ಹೊತ್ತಿಗೆ ತೂಕ ಹತ್ತಿರ ಹತ್ತಿರ ಎರಡರಷ್ಟಾಗಿರುತ್ತದೆ. ಅದೇ ರಾತ್ರಿ ಸೊಪ್ಪಿನವರಿಗೆ ಫೋನ್ ಮಾಡಿ 4 ಕಿಲೋ ದಂಟಿನ ಸೊಪ್ಪು ಹೇಳಬೇಕು. ಕೆ.ಆರ್. ಮಾರುಕಟ್ಟೆಯಲ್ಲಿ ಸೊಪ್ಪಿನ ವ್ಯಾಪಾರ ನಸುಕಿನಲ್ಲೇ ನಡೆಯುತ್ತದೆ. ಬೆಳಿಗ್ಗೆ 8ಕ್ಕೆ ಹೋದರೆ ಬಾಡಿದ ಕಟ್ಟುಗಳೇ ಕೈಗೆ ಸಿಗುವುದು. ಬಂದ ಸೊಪ್ಪನ್ನು ಬಿಡಿಸಿ, ಬಲಿತ ದಂಟು ತೆಗೆದು, ಮಣ್ಣು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆಯುವುದಕ್ಕೇ ಇಬ್ಬರಿಗೆ ಒಂದು ಗಂಟೆ ಮೇಲೆ ಹಿಡಿಯುತ್ತದೆ.

ಆಮೇಲೆ ದೊಡ್ಡ ಪಾತ್ರೆಯಲ್ಲಿ 10 ಲೀಟರ್ ನೀರಿಗೆ ಕಾಳು ಹಾಕಿ ಬೇಯಿಸುತ್ತೇವೆ. ಕಾಳು ಬೆರಳಿಗೆ ಹಿಸುಕುವ ಹದಕ್ಕೆ ಬಂದ ಮೇಲೆ ಸೊಪ್ಪು, ಉಪ್ಪು. ಸೊಪ್ಪು ಬೆಂದ ತಕ್ಷಣ ಎಲ್ಲವನ್ನೂ ಬಸಿಯಬೇಕು. ಆ ಬಸಿದ ಕಟ್ಟೇ ಬಸ್ಸಾರಿನ ಜೀವ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಕಾಳು ಸೊಪ್ಪಿನಲ್ಲೇ ಎರಡು ಸೌಟು ಹಾಕಿ ನುಣ್ಣಗೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸುಮಾರು 8 ಲೀಟರ್ ಸಾರು ಆಗುತ್ತದೆ. ಒಬ್ಬರಿಗೆ 200 ಮಿಲಿ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿದರೆ ಪಲ್ಯ.

ಬೆಳಿಗ್ಗೆ 9ಕ್ಕೆ ಇನ್ನೂ ಹತ್ತು ಊಟ ಬೇಕು ಅಂದರೆ? ಅನ್ನ ಮಾಡಬಹುದು. ಅಕ್ಕಿ ತೊಳೆದಿಟ್ಟರೆ ಅರ್ಧ ಗಂಟೆಯ ಕೆಲಸ. ಆದರೆ ಕಟ್ಟು ಎಲ್ಲಿಂದ ತರೋದು? 8 ಲೀಟರ್ ಸಾರಿಗೆ 2 ಲೀಟರ್ ನೀರು ಬೆರೆಸಬೇಕು. ಅಷ್ಟು ನೀರು ಸೇರಿದರೆ ಖಾರ, ಹುಳಿ ಹೇಗೋ ಸರಿ ಮಾಡಬಹುದು, ಆ ಮಂದ ರುಚಿ ಮಾತ್ರ ಹೋಗಿಬಿಡುತ್ತದೆ. ತಟ್ಟೆಯಲ್ಲಿ ಅನ್ನಕ್ಕೆ ಕಲಸಿದಾಗ ಸಾರು ಅನ್ನದ ಜೊತೆ ನಿಲ್ಲದೆ ಅಂಚಿಗೆ ನೀರಾಗಿ ಓಡಿದರೆ, ಯಾರೋ ನೀರು ಬೆರೆಸಿದ್ದಾರೆ ಅಂತಲೇ ಲೆಕ್ಕ. ರಾತ್ರಿ ಹೇಳಿದ 40 ಜನರ ಊಟ ಕೆಡಿಸಿ ಬೆಳಿಗ್ಗೆ ಹೇಳಿದ ಹತ್ತು ಜನರಿಗೆ ಕೊಡುವುದು ನ್ಯಾಯ ಅಲ್ಲ.

ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಕುಕ್ಕರಿಗೆ ಹಾಕಿ ಅಂತ ಒಬ್ಬರು ಅಕ್ಕ ಸಲಹೆ ಕೊಟ್ಟರು. ಮನೆಯಲ್ಲಿ ನಾಲ್ಕು ಜನರಿಗೆ ಅದು ನಡೆಯುತ್ತದೆ, ನಾನೂ ಮಾಡುತ್ತೇನೆ. ಕಿಲೋಗಟ್ಟಲೆ ಕಾಳಿಗೆ ಆಗಲ್ಲ. ಕೆಲವು ಕಾಳು ಒಡೆದು ಹಿಟ್ಟಾಗಿ ಕಟ್ಟೆಲ್ಲ ಗಂಜಿ ಥರ ಆಗುತ್ತದೆ, ಕೆಲವು ಹಲ್ಲಿಗೆ ಗಟ್ಟಿಯಾಗೇ ಸಿಗುತ್ತವೆ.

ಗುರುವಾರದ್ದು ಇನ್ನೂ ಮುಂಚೆ. ಮೊಳಕೆ ಕಾಳಿಗೆ ಮಂಗಳವಾರ ರಾತ್ರಿಯೇ ಹೆಸರುಕಾಳು ನೆನೆಹಾಕಿ, ಬುಧವಾರ ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಆಗ ಗುರುವಾರ ಬೆಳಿಗ್ಗೆಗೆ ಹದವಾದ ಮೊಳಕೆ ಬಂದಿರುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ನಿಧಾನ, ಗಂಟನ್ನು ಒಲೆಯ ಹತ್ತಿರ ಬೆಚ್ಚಗೆ ಇಡಬೇಕಾಗುತ್ತದೆ. ಬೇಸಿಗೆಯಲ್ಲಿ ಉಲ್ಟಾ, ಸ್ವಲ್ಪ ಮೈಮರೆತರೂ ಕಾಳು ಲೋಳೆ ಬಂದು ಹುಳಿ ವಾಸನೆ ಹೊಡೆಯುತ್ತದೆ, ಅಂಥ ಕಾಳನ್ನು ತೊಳೆದು ಬಳಸುವ ಮಾತೇ ಇಲ್ಲ. ಹಾಗಾಗಿ ಗುರುವಾರದ ಊಟ ಬೇಕಾದರೂ ಬೇಡವಾದರೂ ಮಂಗಳವಾರ ರಾತ್ರಿ 8ರೊಳಗೆ ಹೇಳಿ. ಈ ಒಂದು ದಿನಕ್ಕೆ ಮಾತ್ರ ಎರಡು ರಾತ್ರಿ ಮುಂಚೆ.

ಬೇಡ ಅನ್ನುವವರಿಗೂ ಅದೇ ಗಡುವು. 8ರೊಳಗೆ "ನಾಳೆ ಬೇಡ" ಅಂತ ಮೆಸೇಜ್ ಹಾಕಿದರೆ ಆ ಊಟದ ದುಡ್ಡು ಎಲ್ಲೂ ಹೋಗಲ್ಲ, ಚಂದಾ ಒಂದು ದಿನ ಮುಂದಕ್ಕೆ ಹೋಗುತ್ತದೆ. 8 ದಾಟಿದ ಮೇಲೆ ಹೇಳಿದರೆ ಆ ಊಟ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಯಾಕೆಂದರೆ ನಿಮ್ಮ ಪಾಲಿನ ಕಾಳು ಆಗಲೇ ನೀರಿನಲ್ಲಿದೆ. ನೀವು ಊರಲ್ಲಿ ಇಲ್ಲದಿದ್ದರೆ ಊಟವನ್ನು ಪಕ್ಕದ ಮನೆಯವರಿಗೋ ಆಫೀಸಿನ ಸ್ನೇಹಿತರಿಗೋ ಕಳಿಸಿ ಅನ್ನಬಹುದು. ನಮ್ಮ ಸುತ್ತಿನೊಳಗಿನ ವಿಳಾಸವಾದರೆ ಬೆಳಿಗ್ಗೆ 10ರವರೆಗೂ ಬದಲಾಯಿಸಿಕೊಡುತ್ತೇವೆ. ವಿಳಾಸ ಬದಲಾದರೆ ಅಡುಗೆಗೇನೂ ತೊಂದರೆ ಇಲ್ಲ.

ಮುದ್ದೆ ಯಾಕಿಲ್ಲ ಅಂತಲೂ ಕೇಳುತ್ತಿದ್ದೀರಿ. ಬಸ್ಸಾರಿಗೆ ಮುದ್ದೆನೇ ಜೋಡಿ, ಗೊತ್ತು. ಆದರೆ ಮುದ್ದೆ ಒಲೆಯಿಂದ ತಟ್ಟೆಗೆ ಬರಬೇಕು. ಡಬ್ಬಿಯಲ್ಲಿ ಒಂದು ಗಂಟೆ ಕೂತರೆ ಮೇಲೆ ಸಿಪ್ಪೆ ಕಟ್ಟಿ, ನುಂಗುವಾಗ ಗಂಟಲಲ್ಲಿ ನಿಲ್ಲುತ್ತದೆ. ಹಾಗೆ ಕಳಿಸೋಕೆ ನನಗೆ ಇಷ್ಟವಿಲ್ಲ. ಮನೆಯಿಂದಲೇ ಕೆಲಸ ಮಾಡುವವರು ಬುಧವಾರ ಮುದ್ದೆ ನೀವೇ ತಿರುವಿಕೊಳ್ಳಿ. "ಅನ್ನ ಬೇಡ" ಅಂತ ರಾತ್ರಿ ಹೇಳಿದರೆ ಅದರ ಬದಲು ಸಾರು ಜಾಸ್ತಿ ಹಾಕುತ್ತೇವೆ.

ಊಟ 12:30ರಿಂದ 1:15ರೊಳಗೆ ತಲುಪುತ್ತದೆ. 2:30ರೊಳಗೆ ಉಂಡುಬಿಡಿ. ಮೀಟಿಂಗ್ ಅಂತ ತಡವಾಗುವ ಹಾಗಿದ್ದರೆ ಡಬ್ಬಿಯನ್ನು ಮೇಜಿನ ಮೇಲೆ ಬಿಡದೆ ಫ್ರಿಜ್ಜಿನಲ್ಲಿಟ್ಟು, ತಿನ್ನುವಾಗ ಸಾರನ್ನು ಚೆನ್ನಾಗಿ ಕುದಿಸಿ. ಕಾಯಿತುರಿ ಹಾಕಿದ ಪಲ್ಯ ಎಲ್ಲಕ್ಕಿಂತ ಬೇಗ ಹಳಸುತ್ತದೆ. ಚಮಚ ಎತ್ತಿದಾಗ ಅಂಟಂಟಾಗಿ ನೂಲು ಎಳೆದರೆ ಬಿಸಿ ಮಾಡಿ ತಿನ್ನುವ ಗೋಜಿಗೆ ಹೋಗಬೇಡಿ, ಎಸೆದುಬಿಡಿ.

ಹೊಸದಾಗಿ ಸೇರುವವರು ಶನಿವಾರ ಸಂಜೆ 6ರೊಳಗೆ ಹೆಸರು ಕೊಡಿ, ಸೋಮವಾರದಿಂದ ಊಟ ಶುರು. ಒಂದು ದಿನ ರುಚಿ ನೋಡಬೇಕು ಅನ್ನುವವರಿಗೆ ಬಿಡಿ ಊಟ 150 ರೂಪಾಯಿ. ಯಾವ ದಿನ ಬೇಕು ಅಂತ ನನ್ನನ್ನು ಕೇಳಿದರೆ ಬುಧವಾರ ಅಂತೀನಿ. ಮಂಗಳವಾರ ರಾತ್ರಿ 8ರೊಳಗೆ ಹೇಳಿ.