ನಾಲ್ಕು ಜನರ ಕೇಕ್ ಒಂಬತ್ತು ಜನರಿಗೆ: ಎರಡೂಕಾಲರ ಲೆಕ್ಕ

ನನ್ನ ಬೇಕಿಂಗ್ ತರಗತಿಗೆ ಬರುತ್ತಿದ್ದವರೊಬ್ಬರು ಒಮ್ಮೆ ಸುಟ್ಟ ಕೇಕಿನ ಫೋಟೋ ಕಳಿಸಿದರು. ನಾಲ್ಕು ಜನರ ರೆಸಿಪಿಯನ್ನು ಒಂಬತ್ತು ಜನರಿಗೆ ಹಿಗ್ಗಿಸಿದ್ದರು. ಒಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಎರಡೂಕಾಲು, ಅದು ಸರಿಯೇ. ಆದರೆ 30 ನಿಮಿಷವನ್ನೂ ಎರಡೂಕಾಲರಿಂದ ಗುಣಿಸಿ, ಒಂದು ಗಂಟೆಗೂ ಜಾಸ್ತಿ ಹೊತ್ತು ಓವನ್ನಿನಲ್ಲಿಟ್ಟಿದ್ದರು.

ಬೇಯುವ ಸಮಯ ಹಿಟ್ಟು ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ದಪ್ಪವಾಗಿ ನಿಂತಿದೆ ಅನ್ನುವುದನ್ನು ಅವಲಂಬಿಸಿರುತ್ತದೆ. ಹಾಗಾಗಿ ಮೊದಲು ಟಿನ್ನಿನ ಲೆಕ್ಕ ಮಾಡಿ. ಅವರ ಮೂಲ ಟಿನ್ 6 ಇಂಚಿನ ಚೌಕ, ಅಂದರೆ 36 ಚದರ ಇಂಚು. ಅದರ ಎರಡೂಕಾಲು ಪಟ್ಟು 81, ಅಂದರೆ ಸರಿಯಾಗಿ 9 ಇಂಚಿನ ಚೌಕ. ಅದರಲ್ಲಿ ಹಿಟ್ಟು ಮೊದಲಿನಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ದುಂಡು ಟಿನ್ನಾದರೆ 10 ಇಂಚಿನದು ಬೇಕು. 9 ಇಂಚಿನ ದುಂಡು ಟಿನ್ ಸುಮಾರು 64 ಚದರ ಇಂಚು ಮಾತ್ರ. ಹೆಸರಿಗೆ ಅದೂ 9 ಇಂಚು, ಎಷ್ಟೋ ಜನ ಅಲ್ಲೇ ಎಡವುತ್ತಾರೆ.

ದಪ್ಪ ಅಷ್ಟೇ ಇದ್ದರೆ ಓವನ್ನಿನ ಶಾಖ ಬದಲಿಸಬೇಡಿ, ರೆಸಿಪಿಯ 180 ಡಿಗ್ರಿಯೇ ಇರಲಿ. ಅಗಲ ಟಿನ್ನಿನ ನಡುಭಾಗ ಅಂಚಿನಿಂದ ದೂರ, ಅದಕ್ಕೇ ಬೇಯುವುದು ಸ್ವಲ್ಪ ನಿಧಾನ. 30ನೇ ನಿಮಿಷಕ್ಕೆ ಒಮ್ಮೆ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಐದೈದು ನಿಮಿಷ ಬಿಟ್ಟು ಮತ್ತೆ ನೋಡಿ. ಚಿಕ್ಕ ಟಿನ್ನೇ ಗತಿ ಅಂದರೆ ಹಿಟ್ಟು ಎತ್ತರವಾಗುತ್ತದೆ. ಆಗ ಶಾಖವನ್ನು 160ರಿಂದ 165ಕ್ಕೆ ಇಳಿಸಿ ಹೆಚ್ಚು ಹೊತ್ತು ಬಿಡಬೇಕು. ಇಲ್ಲದಿದ್ದರೆ ಮೇಲೆ ಕಪ್ಪು, ಒಳಗೆ ಹಸಿ. ಅದಕ್ಕಿಂತ ಎರಡು ಟಿನ್ನಿಗೆ ಹಂಚುವುದೇ ವಾಸಿ ಅಂತ ನನಗನ್ನಿಸುತ್ತದೆ.

ಮೈದಾ, ಸಕ್ಕರೆ, ಬೆಣ್ಣೆಯನ್ನು ಗ್ರಾಂನಲ್ಲೇ ಗುಣಿಸಿ. 120 ಗ್ರಾಂ ಮೈದಾ 270 ಆಗುತ್ತದೆ. ಎರಡು ಮೊಟ್ಟೆ ನಾಲ್ಕೂವರೆ ಆಗುತ್ತದೆ. ಐದನೆಯದನ್ನು ಒಡೆದು ಕಲಕಿ, ತೂಗಿ ಅರ್ಧ ಹಾಕಿ.

ಇನ್ನು ಮಸಾಲೆ. ಹಿಟ್ಟು ಹೆಚ್ಚಾದಷ್ಟೇ ಚಕ್ಕೆ ಪುಡಿಯೂ ಹೆಚ್ಚಾದರೆ ರುಚಿ ಅದೇ ಇರಬೇಕು ಅಲ್ವಾ? ಲೆಕ್ಕ ಸರಿ, ತೊಂದರೆ ಚಮಚದ್ದು. ಒಂದು ಚಮಚ ತುಸು ಗೋಪುರವಾಗಿದ್ದರೆ ಆ ತಪ್ಪೂ ಎರಡೂಕಾಲು ಪಟ್ಟಾಗುತ್ತದೆ. ಚಕ್ಕೆ ಪುಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಅದನ್ನು ಚಮಚದ ಅಂಚಿಗೆ ಸಮ ಮಾಡಿ ಪೂರ್ತಿ ಹಾಕಿ. ಲವಂಗ, ಜಾಯಿಕಾಯಿ ಮಾತ್ರ ಬೇರೆ. "ಒಂದು ಚಿಟಿಕೆ" ಅಂದರೆ ಎಷ್ಟು ಅಂತ ರೆಸಿಪಿ ಬರೆದವರಿಗೂ ಖಚಿತವಿರುವುದಿಲ್ಲ. ಲವಂಗ ಜಾಸ್ತಿಯಾದರೆ ನಾಲಿಗೆ ಜೋಮು ಹಿಡಿಯುತ್ತದೆ, ಬೇಯಿಸಿದ ಮೇಲೆ ತೆಗೆಯುವಂತೆಯೂ ಇಲ್ಲ. ಇವೆರಡನ್ನು ನಾನು ಮೊದಲು ಒಂದೂವರೆ ಪಟ್ಟು ಹಾಕುತ್ತೇನೆ. ಬೇಕಿಂಗ್ ಪೌಡರ್ ಹಾಕುವ ಮೊದಲು ಒಂದು ಚಮಚ ಹಿಟ್ಟನ್ನು ಚಿಕ್ಕ ಬಟ್ಟಲಲ್ಲಿ ಬೇಯಿಸಿ ತಿನ್ನುತ್ತೇನೆ. ಅದು ಉಬ್ಬುವುದಿಲ್ಲ, ಗಟ್ಟಿಯಾಗಿರುತ್ತದೆ. ಆದರೆ ಲವಂಗ ಸಾಕೋ ಬೇಕೋ ಅಂತ ಗೊತ್ತಾಗುತ್ತದೆ.