ಸೆಕೆಂಡ್ ಹ್ಯಾಂಡ್ ಫೋನ್: ಐಎಂಇಐ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬಳಸಿದ ಫೋನ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಪರದೆ, ಕ್ಯಾಮೆರಾ, ಬ್ಯಾಟರಿಗಳನ್ನು ನೋಡಿ, ಡಬ್ಬಿಯ ಮೇಲಿನ ಐಎಂಇಐಗೂ ಫೋನಿನಲ್ಲಿ ಕಾಣುವ ಸಂಖ್ಯೆಗೂ ತಾಳೆಯಾದರೆ ಹಣ ಕೊಟ್ಟುಬಿಡುತ್ತಾರೆ. ಫೋನ್ ರಿಪೇರಿಯ ಕೆಲಸದಲ್ಲಿ ನಾನು ಕಂಡಂತೆ ಮೋಸ ನಡೆಯುವುದು ಈ ತಾಳೆಯನ್ನೇ ನಂಬುವುದರಿಂದ.

ಐಎಂಇಐ ಹದಿನೈದು ಅಂಕಿಗಳ ಗುರುತಿನ ಸಂಖ್ಯೆ. ಮೊದಲ ಎಂಟು ಅಂಕಿಗಳು ಫೋನ್ ಯಾವ ಕಂಪನಿಯ ಯಾವ ಮಾಡೆಲ್ ಎಂಬುದನ್ನು ಹೇಳುತ್ತವೆ. ನಂತರದ ಆರು ಅಂಕಿಗಳು ಆ ಮಾಡೆಲಿನಲ್ಲಿ ಇದೇ ಫೋನಿಗೆ ಸೇರಿದ ಕ್ರಮಸಂಖ್ಯೆ. ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಪಡೆದ ತಪಾಸಣಾ ಅಂಕಿ. ಈ ಕೊನೆಯ ಅಂಕಿ ಬರೆಯುವಾಗಿನ ತಪ್ಪನ್ನು ಹಿಡಿಯುತ್ತದೆಯೇ ಹೊರತು ಬೇರೊಂದು ಫೋನಿನಿಂದ ಇಡಿಯಾಗಿ ನಕಲು ಮಾಡಿದ ಸಂಖ್ಯೆಯನ್ನು ಹಿಡಿಯುವುದಿಲ್ಲ. ಎರಡು ಸಿಮ್‌ಗಳ ಫೋನಿಗೆ ಎರಡು ಐಎಂಇಐಗಳಿರುವುದರಿಂದ ಎರಡನ್ನೂ ಪರಿಶೀಲಿಸಬೇಕು.

ಫೋನ್ ನೆಟ್‌ವರ್ಕಿಗೆ ಸೇರುವಾಗ ಸಿಮ್‌ನ ಗುರುತಿನ ಜೊತೆಗೆ ಈ ಸಂಖ್ಯೆಯೂ ನೆಟ್‌ವರ್ಕ್ ಕಂಪನಿಗೆ ತಲುಪುತ್ತದೆ. ಫೋನ್ ಕಳೆದುಕೊಂಡವರು ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಕೋರಿಕೆ ಸಲ್ಲಿಸಿದರೆ, ಆ ಐಎಂಇಐ ದೇಶದ ಎಲ್ಲ ನೆಟ್‌ವರ್ಕ್‌ಗಳಲ್ಲೂ ಬ್ಲಾಕ್ ಆಗುತ್ತದೆ. ಆಮೇಲೆ ಯಾರಾದರೂ ಅದರಲ್ಲಿ ಸಿಮ್ ಹಾಕಿದರೆ ಆ ಸುಳಿವು ಪೊಲೀಸರಿಗೆ ಸಿಗುತ್ತದೆ. ಹೀಗಾಗಿ ಕದ್ದ ಫೋನನ್ನು ತಿಳಿಯದೆ ಕೊಂಡವರಿಗೂ ಠಾಣೆಯಿಂದ ಕರೆ ಬರಬಹುದು. ಫೋನನ್ನು ಒಪ್ಪಿಸಬೇಕಾಗುತ್ತದೆ, ಕೊಟ್ಟ ಹಣಕ್ಕಾಗಿ ಮಾರಿದವನನ್ನು ಹುಡುಕಬೇಕಾಗುತ್ತದೆ.

ಬ್ಲಾಕ್ ಆದ ಫೋನ್ ವೈಫೈನಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬಾರದು. ಮಾರುವವನು ತನ್ನ ವೈಫೈಗೆ ಸೇರಿಸಿ ವಿಡಿಯೊ ಓಡಿಸಿ ತೋರಿಸಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ವೈಫೈ ಆಫ್ ಮಾಡಿ, ನಿಮ್ಮದೇ ಸಿಮ್ ಹಾಕಿ, ಒಂದು ಕರೆ ಮಾಡಿ ನೋಡಿ.

ಸಂಖ್ಯೆಯನ್ನು ಡಬ್ಬಿಯಿಂದ ಓದದೆ ಫೋನಿನಿಂದಲೇ ಓದಬೇಕು. ಡಯಲ್ ಮಾಡುವಲ್ಲಿ ಇದನ್ನು ಒತ್ತಿದರೆ ಪರದೆಯ ಮೇಲೆ ಐಎಂಇಐ ಬರುತ್ತದೆ:

```
*#06#
```

ಅದನ್ನು ಸೆಟ್ಟಿಂಗ್ಸ್‌ನಲ್ಲಿ ಕಾಣುವ ಸಂಖ್ಯೆಯೊಂದಿಗೂ ಬಿಲ್ಲಿನೊಂದಿಗೂ ಹೋಲಿಸಿ. ಕೆಲವು ಮಾಡೆಲ್‌ಗಳಲ್ಲಿ ಸಿಮ್ ಟ್ರೇ ಮೇಲೂ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಟ್ರೇ ಮೇಲಿನ ಸಂಖ್ಯೆ ಮಾತ್ರ ಬೇರೆಯಿದ್ದರೆ ಟ್ರೇ ಅಥವಾ ಒಳಗಿನ ಬೋರ್ಡು ಬದಲಾಗಿರುವ ಸಾಧ್ಯತೆಯಿದೆ. ಅದು ಕಳವಿನ ಗುರುತೇ ಆಗಬೇಕಿಲ್ಲ, ಆದರೆ ಮಾರುವವನು ಅದಕ್ಕೆ ರಿಪೇರಿಯ ಬಿಲ್ ತೋರಿಸಬೇಕು.

ಕೊನೆಗೆ ಸರ್ಕಾರಿ ದಾಖಲೆ. ಫೋನಿನಲ್ಲಿ ಕಂಡ ಸಂಖ್ಯೆಯನ್ನು ಈ ರೀತಿ ಬರೆದು 14422ಕ್ಕೆ ಎಸ್‌ಎಂಎಸ್ ಕಳುಹಿಸಬೇಕು (ಇಲ್ಲಿರುವುದು ಮಾದರಿ ಸಂಖ್ಯೆ):

```
KYM 490154203237518
```

ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದನ್ನೇ ನೋಡಬಹುದು. ಸ್ಥಿತಿಯ ಜಾಗದಲ್ಲಿ ಬ್ಲಾಕ್‌ಲಿಸ್ಟ್ ಆಗಿದೆ, ನಕಲಿ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಆ ಫೋನನ್ನು ಕೊಳ್ಳಬಾರದು. ಬಹಳ ಮಂದಿ ಸ್ಥಿತಿಯನ್ನಷ್ಟೇ ಓದಿ ನಿಲ್ಲುತ್ತಾರೆ. ಉತ್ತರದಲ್ಲಿ ಬರುವ ಕಂಪನಿ ಮತ್ತು ಮಾಡೆಲಿನ ಹೆಸರೂ ಅಷ್ಟೇ ಮುಖ್ಯ. ಚಾರ್ಜಿಂಗ್ ಸರಿಪಡಿಸಲೆಂದು ವಿದ್ಯಾರ್ಥಿಯೊಬ್ಬ ನನ್ನ ಬಳಿಗೆ ತಂದಿದ್ದ ದುಬಾರಿ ಫೋನಿನಲ್ಲಿ ಡಬ್ಬಿಯ ಸಂಖ್ಯೆಗೂ ಪರದೆಯ ಸಂಖ್ಯೆಗೂ ಒಂದು ಅಂಕಿಯ ವ್ಯತ್ಯಾಸವೂ ಇರಲಿಲ್ಲ. ಆದರೆ ಎಸ್‌ಎಂಎಸ್ ಉತ್ತರದಲ್ಲಿ ಬೇರೊಂದು ಕಂಪನಿಯ ಬಟನ್ ಫೋನಿನ ಹೆಸರು ಬಂತು. ಯಾರೋ ಸಾಫ್ಟ್‌ವೇರ್ ಮೂಲಕ ಸಂಖ್ಯೆಯನ್ನು ಬದಲಿಸಿ, ಅದಕ್ಕೆ ಹೊಂದುವ ಚೀಟಿಯನ್ನು ಡಬ್ಬಿಗೆ ಅಂಟಿಸಿದ್ದರು. ಮೊದಲ ಎಂಟು ಅಂಕಿಗಳು ಮಾಡೆಲಿಗೆ ಸೇರಿದವಾದ್ದರಿಂದಲೇ ಇದು ಬಯಲಾಯಿತು. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗಿನ ಸೆರೆವಾಸ, 50 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ.

ಇಷ್ಟಾದರೂ ಈ ಪರಿಶೀಲನೆಗೆ ಮಿತಿಯಿದೆ. ಅದೇ ಮಾಡೆಲಿನ ಇನ್ನೊಂದು ಫೋನಿನ ಸಂಖ್ಯೆಯನ್ನು ನಕಲು ಮಾಡಿದ್ದರೆ ಮಾಡೆಲಿನ ಹೆಸರು ಸರಿಯಾಗಿಯೇ ಬರುತ್ತದೆ. ನಿನ್ನೆ ಕಳವಾದ ಫೋನಿನ ಬಗ್ಗೆ ಮಾಲೀಕರು ಇನ್ನೂ ದೂರು ಕೊಟ್ಟಿಲ್ಲದಿದ್ದರೆ ಇಂದು ಉತ್ತರದಲ್ಲಿ ಯಾವ ದೋಷವೂ ಕಾಣುವುದಿಲ್ಲ, ಮುಂದಿನ ವಾರ ಬ್ಲಾಕ್ ಆಗುತ್ತದೆ. ಹಳೆಯ ಮಾಲೀಕರ ಗೂಗಲ್ ಅಥವಾ ಆ್ಯಪಲ್ ಖಾತೆಯ ಬೀಗವಾಗಲಿ, ತೀರದ ಕಂತಿನ ಸಾಲವಾಗಲಿ ಇದರಲ್ಲಿ ತಿಳಿಯುವುದಿಲ್ಲ. ಆದ್ದರಿಂದ ಮಾರುವವನೇ ನಿಮ್ಮೆದುರು ತನ್ನ ಖಾತೆಯಿಂದ ಹೊರಬಂದು ಫೋನನ್ನು ರಿಸೆಟ್ ಮಾಡಲಿ. ಎರಡೂ ಐಎಂಇಐ, ಬೆಲೆ, ದಿನಾಂಕ ಮತ್ತು ಮಾರುವವನ ವಿಳಾಸವನ್ನು ಬರೆದ ರಸೀದಿಗೆ ಸಹಿ ಹಾಕಿಸಿ, ಗುರುತಿನ ಚೀಟಿಯ ಪ್ರತಿಯನ್ನೂ ಮೂಲ ಬಿಲ್ಲನ್ನೂ ಪಡೆಯಿರಿ. ನಾಳೆ ಠಾಣೆಯಿಂದ ಕರೆ ಬಂದರೆ ಫೋನನ್ನು ಯಾರಿಂದ, ಯಾವಾಗ ಕೊಂಡಿರಿ ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ದಾಖಲೆ ಅವೇ.