ಗಡುವಿಗೆ ಮೊದಲೇ ‘ಕೊಡುವುದಿಲ್ಲ’ ಎಂದರೆ ಕಾಯಬೇಕೇ, ಕರಾರು ಮುಗಿಸಬೇಕೇ?

ಪ್ರಶ್ನೆ: ನವೆಂಬರ್ 30ರೊಳಗೆ 40 ಟನ್ ಕಾಗದ ಕೊಡುವುದಾಗಿ ಸರಬರಾಜುದಾರರು ಲಿಖಿತ ಕರಾರು ಮಾಡಿಕೊಂಡಿದ್ದಾರೆ. ಮುಂಗಡವನ್ನೂ ಪಡೆದಿದ್ದಾರೆ. ಆದರೆ ಅಕ್ಟೋಬರ್ 1ರಂದೇ “ಈ ಸರಕು ಕೊಡಲು ನಮ್ಮಿಂದ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ” ಎಂದು ಇಮೇಲ್ ಕಳಿಸಿದ್ದಾರೆ. ಗಡುವು ಇನ್ನೂ ಬಂದೇ ಇಲ್ಲವಲ್ಲ, ಈಗಲೇ ಕರಾರು ಮುರಿದಂತಾಯಿತೇ? ಪರಿಹಾರ ಕೇಳಲು ನವೆಂಬರ್ 30ರವರೆಗೆ ಕಾಯಲೇಬೇಕೇ?

ಉತ್ತರ: ಕಾಯಲೇಬೇಕೆಂದಿಲ್ಲ. ಬಯಸಿದರೆ ಕಾಯಲೂಬಹುದು. ಯಾವುದನ್ನು ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ ನಿಮಗೆ ಸಿಗುವ ಪರಿಹಾರದ ಮೊತ್ತ ಬದಲಾಗುತ್ತದೆ. ಕೆಲವೊಮ್ಮೆ ಪರಿಹಾರವೇ ಇಲ್ಲವಾಗುತ್ತದೆ. ಹಾಗಾಗಿ ಆ ಇಮೇಲ್‌ಗೆ ಸಿಟ್ಟಿನಲ್ಲಿ ಎರಡು ಸಾಲು ಉತ್ತರ ಬರೆದು ಕಳಿಸುವ ಮುನ್ನ ಇದನ್ನು ಓದಿ.

ಗಡುವು ಬರುವ ಮೊದಲೇ “ನಾನು ನಡೆದುಕೊಳ್ಳುವುದಿಲ್ಲ” ಎಂದು ಸಾರುವುದನ್ನು ಕಾನೂನು ಅವಧಿಪೂರ್ವ ಕರಾರುಭಂಗ ಎನ್ನುತ್ತದೆ. ಈ ತತ್ವ ಗಟ್ಟಿಯಾಗಿ ನೆಲೆಯೂರಿದ್ದು ಇಂಗ್ಲೆಂಡಿನಲ್ಲಿ, 1853ರ ಹಾಕ್ಸ್ಟರ್ ವಿರುದ್ಧ ಡಿ ಲಾ ಟೂರ್ ಪ್ರಕರಣದಲ್ಲಿ. ಪ್ರವಾಸದಲ್ಲಿ ಜೊತೆಗಿದ್ದು ಏರ್ಪಾಡು ನೋಡಿಕೊಳ್ಳಲು ಹಾಕ್ಸ್ಟರ್‌ನನ್ನು 1852ರ ಜೂನ್ 1ರಿಂದ ಕೆಲಸಕ್ಕೆ ಗೊತ್ತುಮಾಡಲಾಗಿತ್ತು. ಮೇ 11ರಂದು “ನೀನು ಬೇಡ” ಎಂದು ಪತ್ರ ಬಂತು. ಆತ ಜೂನ್‌ಗೆ ಕಾಯದೆ ಮೇ 22ರಂದೇ ದಾವೆ ಹೂಡಿದ. ಕೆಲಸದ ದಿನವೇ ಬಂದಿಲ್ಲ, ಭಂಗ ಎಲ್ಲಿಂದ ಬಂತು ಎಂಬುದು ಎದುರು ಪಕ್ಷದ ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬೇಡವೆಂದವನಿಗಾಗಿ ಆತ ಜೂನ್ 1ರವರೆಗೆ ಬೇರೆ ಕೆಲಸ ಒಪ್ಪಿಕೊಳ್ಳದೆ ಕಾದು ಕುಳಿತುಕೊಳ್ಳಬೇಕು ಎನ್ನುವುದು ಇಬ್ಬರಿಗೂ ನಷ್ಟ ಎಂಬ ಸರಳ ಯೋಚನೆ ಆ ತೀರ್ಪಿನ ಹಿಂದಿದೆ. ಭಾರತದ ಕರಾರು ಕಾಯ್ದೆ, 1872ರ 39ನೇ ಕಲಮು ಇದೇ ದಾರಿ ಹಿಡಿದಿದೆ: ಒಬ್ಬರು ತಮ್ಮ ವಚನವನ್ನು ಪೂರ್ತಿಯಾಗಿ ನಡೆಸಲು ನಿರಾಕರಿಸಿದರೆ, ಅಥವಾ ನಡೆಸಲಾಗದಂತೆ ತಮ್ಮನ್ನು ತಾವೇ ಮಾಡಿಕೊಂಡರೆ, ಇನ್ನೊಬ್ಬರು ಕರಾರನ್ನು ಕೊನೆಗಾಣಿಸಬಹುದು. ಆದರೆ ಕರಾರು ಮುಂದುವರಿಯಲಿ ಎಂದು ಮಾತಿನಿಂದಲೋ ನಡತೆಯಿಂದಲೋ ಅವರು ಸಮ್ಮತಿ ತೋರಿಸಿರಬಾರದು. ‘ನಡತೆಯಿಂದಲೋ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಕೆಲಸ, ಬಂದಿರುವುದು ನಿಜಕ್ಕೂ ನಿರಾಕರಣೆಯೇ ಎಂದು ನೋಡುವುದು. “ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ” ಎಂಬುದರಲ್ಲಿ ಸಂಶಯವಿಲ್ಲ. “ಬೆಲೆ ಹೆಚ್ಚಿಸಿದರೆ ಮಾತ್ರ ಕೊಡುತ್ತೇವೆ” ಎಂಬುದೂ ಸಾಮಾನ್ಯವಾಗಿ ನಿರಾಕರಣೆಯೇ, ಏಕೆಂದರೆ ಒಪ್ಪಿದ ಬೆಲೆಗೆ ಕೊಡುವುದಿಲ್ಲ ಎಂದಂತಾಯಿತು. ಆದರೆ “ಸರಕು ಹೊಂದಿಸುವುದು ಕಷ್ಟವಾಗುತ್ತಿದೆ”, “ಒಂದು ವಾರ ತಡವಾಗಬಹುದು”, “ಬೆಲೆಯ ಬಗ್ಗೆ ಒಮ್ಮೆ ಮಾತಾಡೋಣ” ಎಂಬಂಥ ಮಾತುಗಳು ಅಷ್ಟಕ್ಕೇ ನಿರಾಕರಣೆಯಾಗುವುದಿಲ್ಲ. ಇಲ್ಲಿ ಆತುರಪಟ್ಟರೆ ಅಪಾಯ ದೊಡ್ಡದು. ಬರೀ ಅಳಲನ್ನು ನಿರಾಕರಣೆ ಎಂದು ತಿಳಿದು ಕರಾರು ರದ್ದೆಂದು ನೀವು ಬರೆದರೆ, ಕಾರಣವಿಲ್ಲದೆ ಕರಾರು ಮುರಿದವರು ನೀವೇ ಆಗುತ್ತೀರಿ. ಆಗ ಪರಿಹಾರ ಕೇಳುವ ಹಕ್ಕು ಅವರ ಕೈ ಸೇರುತ್ತದೆ. ಇಂಥ ಜಗಳಗಳಲ್ಲಿ ಕಾಣುವ ಅತಿ ದುಬಾರಿ ತಪ್ಪು ಇದೇ.

ಸಂಶಯವಿದ್ದರೆ ಒಂದು ನೇರ ಪ್ರಶ್ನೆ ಕೇಳಿ: “ನಿಮ್ಮ ಇಂಥ ದಿನದ ಇಮೇಲ್ ತಲುಪಿದೆ. ನವೆಂಬರ್ 30ರೊಳಗೆ 40 ಟನ್ ಸರಕನ್ನು ಒಪ್ಪಿದ ಬೆಲೆಗೆ ಕೊಡುತ್ತೀರಾ ಇಲ್ಲವಾ ಎಂಬುದನ್ನು ಅಕ್ಟೋಬರ್ 6ರೊಳಗೆ ಬರಹದಲ್ಲಿ ತಿಳಿಸಿ. ಅಲ್ಲಿಯವರೆಗೆ ನಮ್ಮ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ.” ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ, ಕರಾರು ಮುಂದುವರಿಯಲಿ ಎಂದು ನೀವು ಒಪ್ಪಿದಿರಿ ಎಂದು ಅವರು ವಾದಿಸಲು ಜಾಗ ಸಿಗುತ್ತದೆ. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯಲ್ಲಿ, ಸಂಶಯಕ್ಕೆ ತಕ್ಕ ಕಾರಣವಿದ್ದು ಹೀಗೆ ಭರವಸೆ ಕೇಳಿದರೆ, 30 ದಿನಕ್ಕೆ ಮೀರದ ಸಮಂಜಸ ಅವಧಿಯಲ್ಲಿ ಅದನ್ನು ಕೊಡದಿರುವುದೇ ನಿರಾಕರಣೆಯಾಗುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ ಅಂಥ ಸಿದ್ಧ ನಿಯಮವಿಲ್ಲ. ಅಲ್ಲಿ ಉತ್ತರ ಬಾರದಿರುವುದು ಒಂದು ಸಾಕ್ಷ್ಯ ಮಾತ್ರ. ಉಳಿದ ನಡತೆಯ ಜೊತೆಗಿಟ್ಟು ಅದನ್ನು ತೂಗುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿರುವ ಇಮೇಲ್ ಸ್ಪಷ್ಟವಾಗಿದೆ. ಹಾಗಾಗಿ ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ನಿರಾಕರಣೆಯನ್ನು ಒಪ್ಪಿಕೊಂಡು ಕರಾರನ್ನು ಈಗಲೇ ಮುಗಿಸಿ ಪರಿಹಾರ ಕೇಳುವುದು. ಇನ್ನೊಂದು, ನಿರಾಕರಣೆಯನ್ನು ಲೆಕ್ಕಿಸದೆ ಕರಾರನ್ನು ಜೀವಂತವಾಗಿಟ್ಟು, ಗಡುವಿನ ದಿನ ಸರಕು ಕೊಡಿ ಎಂದು ಪಟ್ಟು ಹಿಡಿಯುವುದು. ‘ಒಪ್ಪಿಕೊಳ್ಳುವುದು’ ಎಂದರೆ ಅವರು ಮಾಡಿದ್ದು ಸರಿ ಎಂದಲ್ಲ. ನೀವು ಮುರಿದಿದ್ದರಿಂದ ಕರಾರು ಮುಗಿಯಿತೆಂದು ನಾವೂ ಎಣಿಸುತ್ತೇವೆ ಎಂದಷ್ಟೇ.

ಲೆಕ್ಕ ಹಾಕಿ ನೋಡೋಣ. ಯಾವ ನಾಣ್ಯ ಎಂಬುದು ಮುಖ್ಯವಲ್ಲ, ಟನ್ನಿಗೆ 100ರಂತೆ 40 ಟನ್‌ಗೆ 4,000 ಎಂದಿಟ್ಟುಕೊಳ್ಳಿ. ಮುಂಗಡ 400 ಕೊಟ್ಟಿದ್ದೀರಿ. ಅಕ್ಟೋಬರ್ ಮೊದಲ ವಾರದಲ್ಲಿ ಅದೇ ದರ್ಜೆಯ ಕಾಗದ, ಅದೇ ಗಡುವಿಗೆ, ಬೇರೆಯವರಲ್ಲಿ ಟನ್ನಿಗೆ 112ಕ್ಕೆ ಸಿಗುತ್ತಿದೆ. ಅಕ್ಟೋಬರ್ 5ರಂದು ಕರಾರು ಮುಗಿಸಿ, 7ರಂದು ಹೊಸ ಕರಾರು ಮಾಡಿಕೊಂಡಿರಿ. ಹೆಚ್ಚುವರಿ ಬೆಲೆ ಟನ್ನಿಗೆ 12ರಂತೆ 480. ದೂರದಿಂದ ತರಿಸಬೇಕಾದ್ದರಿಂದ ಸಾಗಣೆಗೆ 40 ಹೆಚ್ಚಾಯಿತು. ಮುಂಗಡ 400 ವಾಪಸ್ ಬರಬೇಕು. ಒಟ್ಟು ಬೇಡಿಕೆ 920. ಪ್ರತಿ ಅಂಕಿಗೂ ಬಿಲ್ಲು, ದರಪಟ್ಟಿ ಇರುವುದರಿಂದ ವಾದಕ್ಕೆ ಹೆಚ್ಚು ಆಸ್ಪದವಿಲ್ಲ.

ಈಗ, ಕರಾರು ಮುಗಿಸಿದಿರಿ ಆದರೆ ಬೇರೆ ಕಡೆ ಕೊಳ್ಳದೆ ಸುಮ್ಮನಿದ್ದಿರಿ, ನವೆಂಬರ್ 30ರಂದು ಬೆಲೆ 130ಕ್ಕೆ ಏರಿತು ಎನ್ನಿ. ಟನ್ನಿಗೆ 30ರಂತೆ 1,200 ಕೇಳಬಹುದೇ? ಕೇಳಬಹುದು, ಸಿಗುವುದು ಕಷ್ಟ. ಕರಾರು ಮುಗಿದ ಮೇಲೆ ನಷ್ಟವನ್ನು ತಗ್ಗಿಸಲು ಸಮಂಜಸ ಕ್ರಮ ಕೈಗೊಳ್ಳಬೇಕಾದದ್ದು ನಿಮ್ಮ ಹೊಣೆ. 112ಕ್ಕೆ ಸುಲಭವಾಗಿ ಸಿಗುತ್ತಿದ್ದಾಗ ಏಕೆ ಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪರಿಹಾರ ಆ 480ರ ಆಸುಪಾಸಿಗೇ ನಿಲ್ಲುತ್ತದೆ.

ಕರಾರನ್ನು ಜೀವಂತವಾಗಿಟ್ಟರೆ ಲೆಕ್ಕ ಬೇರೆ. ಭಂಗವಾಗುವುದು ಆಗ ನವೆಂಬರ್ 30ರಂದು. ಬೆಲೆ 130 ಇದ್ದರೆ ಬೇಡಿಕೆ 1,200ಕ್ಕೆ ಏರುತ್ತದೆ, 90ಕ್ಕೆ ಇಳಿದಿದ್ದರೆ ಬೆಲೆಯ ನಷ್ಟವೇ ಇಲ್ಲ. ಇದನ್ನು ನೋಡಿ ಕಾಯುವುದೇ ಲಾಭ ಎನಿಸಬಹುದು. ಆದರೆ ಕರಾರು ಜೀವಂತವಾಗಿರುವುದು ನಿಮಗಷ್ಟೇ ಅಲ್ಲ, ಅವರಿಗೂ ಹೌದು. ಅವರು ಮನಸ್ಸು ಬದಲಿಸಿ ಸರಕು ತಂದರೆ ತೆಗೆದುಕೊಳ್ಳಲೇಬೇಕು. ನಡುವೆ ಏನಾದರೂ ಆಗಿ ಕರಾರು ನಡೆಸುವುದೇ ಅಸಾಧ್ಯವಾದರೆ ಅದರ ಲಾಭವೂ ಅವರಿಗೆ.

1855ರ ಏವರಿ ವಿರುದ್ಧ ಬೌಡನ್ ಪ್ರಕರಣ ಇದನ್ನೇ ತೋರಿಸುತ್ತದೆ. ಒಡೆಸ್ಸಾ ಬಂದರಿನಲ್ಲಿ ಹಡಗಿಗೆ 45 ದಿನಗಳೊಳಗೆ ಸರಕು ತುಂಬಿಸಬೇಕಿತ್ತು. ಸರಕಿಲ್ಲ, ಹೊರಟುಹೋಗಿ ಎಂದು ಎದುರು ಪಕ್ಷದ ಪ್ರತಿನಿಧಿ ಹೇಳಿದರೂ ಕಪ್ತಾನ ಸರಕಿಗಾಗಿ ಅಲ್ಲೇ ಕಾದ. ಆ ಅವಧಿ ಮುಗಿಯುವ ಮೊದಲೇ ಕ್ರಿಮಿಯಾ ಯುದ್ಧ ಶುರುವಾಗಿ, ಶತ್ರು ಬಂದರಿನಲ್ಲಿ ಸರಕು ತುಂಬುವುದೇ ಕಾನೂನುಬಾಹಿರವಾಯಿತು. ಅದು ನಿರಾಕರಣೆಯೇ ಆಗಿದ್ದರೂ ಹಡಗಿನವರು ಅದನ್ನು ಒಪ್ಪಿ ಕರಾರು ಮುಗಿಸಿರಲಿಲ್ಲ. ಹಾಗಾಗಿ ಕರಾರನ್ನು ಮುಗಿಸಿದ್ದು ಯುದ್ಧ. ಪರಿಹಾರ ಸಿಗಲಿಲ್ಲ. ನಿಮ್ಮ ಉದಾಹರಣೆಯಲ್ಲಿ, ನವೆಂಬರ್ 10ರಂದು ಆ ಕಾಗದದ ಮಾರಾಟವನ್ನೇ ಸರ್ಕಾರ ನಿಷೇಧಿಸಿತು ಎಂದುಕೊಳ್ಳಿ. 1,200 ಹೋಗಲಿ, 480 ಕೂಡ ಕೈತಪ್ಪುತ್ತದೆ. ಮುಂಗಡ ವಾಪಸ್ ಕೇಳುವುದಷ್ಟೇ ಉಳಿಯುತ್ತದೆ.

ಕಾಯುವವರ ಮೇಲೆ ಇನ್ನೊಂದು ಹೊರೆ ಇದೆ: ತಮ್ಮ ಪಾಲಿನ ಕೆಲಸಕ್ಕೆ ತಾವು ಸಿದ್ಧರಿರಬೇಕು. ‘ಸಿಮೋನಾ’ ಎಂಬ ಹಡಗಿನ ಪ್ರಕರಣದಲ್ಲಿ, ಬಾಡಿಗೆಗೆ ಪಡೆದವರು ಮೊದಲೇ ಕೈಬಿಟ್ಟರೂ ಮಾಲೀಕರು ಕರಾರು ಮುಂದುವರಿಸಿದರು. ಆದರೆ ನಿಗದಿತ ದಿನದೊಳಗೆ ಅವರ ಹಡಗೇ ಸಿದ್ಧವಿರಲಿಲ್ಲ. ಹಾಗಿದ್ದ ಮೇಲೆ ಬಾಡಿಗೆದಾರರು ಕರಾರಿನ ಷರತ್ತಿನಂತೆಯೇ ರದ್ದುಮಾಡಬಹುದು ಎಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1988ರಲ್ಲಿ ಹೇಳಿತು. ಕರಾರು ಜೀವಂತ ಎನ್ನುತ್ತಲೇ ತನ್ನ ಹೊಣೆಯಿಂದ ಮಾತ್ರ ಬಿಡುಗಡೆ ಬೇಕೆನ್ನುವ ಮೂರನೆಯ ದಾರಿ ಇಲ್ಲ. ನೀವು ಕಾಯುವುದಾದರೆ ಉಳಿದ 3,600 ಕೈಯಲ್ಲಿರಬೇಕು, ಸರಕು ಇಳಿಸಿಕೊಳ್ಳಲು ಜಾಗ ಖಾಲಿ ಇರಬೇಕು.

ಹಾಗಾಗಿ, ಪರ್ಯಾಯ ಸರಕು ಮಾರುಕಟ್ಟೆಯಲ್ಲಿ ಸಿಗುವಂಥದ್ದಾದರೆ ನಿರಾಕರಣೆಯನ್ನು ಒಪ್ಪಿ ಕರಾರು ಮುಗಿಸುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ. ಬೇರೆಲ್ಲೂ ಸಿಗದ, ಅವರೇ ಮಾಡಿಕೊಡಬೇಕಾದ ವಸ್ತುವಾಗಿದ್ದು, ಮಾತುಕತೆಯಿಂದ ಅವರು ಮರಳಿ ಬರುವ ಸೂಚನೆ ಇದ್ದರೆ ಮಾತ್ರ ಕಾಯುವುದಕ್ಕೆ ಅರ್ಥವಿದೆ.

ಮುಗಿಸುವುದಾದರೆ ಅದು ಅವರಿಗೆ ತಲುಪಬೇಕು. ಮನಸ್ಸಿನಲ್ಲೇ ನಿರ್ಧರಿಸಿ ಬೇರೆ ಕಡೆ ಕೊಂಡರೆ ಸಾಲದು. ನೀವು ತಿಳಿಸುವ ಮೊದಲು ಅವರು “ತಪ್ಪಾಯಿತು, ಸರಕು ಕೊಡುತ್ತೇವೆ” ಎಂದು ಬರೆದರೆ ನಿರಾಕರಣೆ ಹಿಂಪಡೆದಂತಾಗುತ್ತದೆ, ಆಗ ಎರಡು ಕಡೆಯ 80 ಟನ್ ನಿಮ್ಮ ತಲೆಗೆ ಬರುತ್ತದೆ. ಪತ್ರ ಹೀಗಿದ್ದರೆ ಸಾಕು: “ಅಕ್ಟೋಬರ್ 1ರ ನಿಮ್ಮ ಇಮೇಲ್‌ನಲ್ಲಿ ಇಂಥ ದಿನಾಂಕದ ಕರಾರಿನಂತೆ ಸರಕು ಕೊಡುವುದಿಲ್ಲವೆಂದು ತಿಳಿಸಿದ್ದೀರಿ. ಇದು ಕರಾರಿನ ನಿರಾಕರಣೆ. ಇದನ್ನು ಒಪ್ಪಿ ಕರಾರನ್ನು ಇಂದಿಗೆ ಕೊನೆಗಾಣಿಸುತ್ತಿದ್ದೇವೆ. ಸರಕನ್ನು ಬೇರೆಡೆ ಕೊಳ್ಳುತ್ತೇವೆ. ಮುಂಗಡ 400 ಹಿಂದಿರುಗಿಸಿ. ನಮಗಾಗುವ ನಷ್ಟವನ್ನು ಪ್ರತ್ಯೇಕವಾಗಿ ಕೇಳುತ್ತೇವೆ.” ಕಳಿಸುವ ಮುನ್ನ ಮೂಲ ಕರಾರಿನಲ್ಲಿ ನೋಟಿಸಿನ ಷರತ್ತನ್ನು ಓದಿ. ನೋಂದಾಯಿತ ಅಂಚೆಯಲ್ಲೇ ಕಳಿಸಬೇಕು ಎಂದಿದ್ದರೆ ಇಮೇಲ್ ಜೊತೆಗೆ ಅಂಚೆಯಲ್ಲೂ ಕಳಿಸಿ.

ಯೋಚಿಸಲು ಕೆಲವು ದಿನ ತೆಗೆದುಕೊಂಡರೆ ತೊಂದರೆಯಿಲ್ಲ, ಕಾನೂನು ಅಷ್ಟು ಬಿಡುವು ಕೊಡುತ್ತದೆ. ಆ ದಿನಗಳಲ್ಲಿ ನಿಮ್ಮ ಕಚೇರಿಯಿಂದ ಏನು ಹೊರಡುತ್ತಿದೆ ಎಂಬುದರ ಮೇಲೆ ಕಣ್ಣಿಡಿ. ಒಬ್ಬರು ರದ್ದತಿಯ ಪತ್ರ ಸಿದ್ಧಪಡಿಸುತ್ತಿರುವಾಗಲೇ ಲೆಕ್ಕ ವಿಭಾಗದವರು ಎರಡನೇ ಕಂತು ಪಾವತಿಸುವುದು, ಗೋದಾಮಿನವರು “ಸರಕು ಯಾವಾಗ ಕಳಿಸುತ್ತೀರಿ” ಎಂದು ಕೇಳಿ ಬರೆಯುವುದು ಆಗುತ್ತಿರುತ್ತದೆ. 39ನೇ ಕಲಮಿನಲ್ಲಿರುವ ‘ನಡತೆಯಿಂದ ಸಮ್ಮತಿ’ ಎಂದರೆ ಇಂಥವೇ. ಹಾಗೇನಾದರೂ ಆಗಿ ಕರಾರು ಮುಂದುವರಿದಂತಾದರೂ, ಅವರು ಮತ್ತೆ ಕೊಡುವುದಿಲ್ಲವೆಂದು ಹಟ ಹಿಡಿದರೆ ಆ ಹೊಸ ನಿರಾಕರಣೆಯನ್ನು ಹಿಡಿದು ಆಗ ಕರಾರು ಮುಗಿಸಲು ಅವಕಾಶವಿದೆ.